‘ಮೈಸೆಲ್ಫ್ ಸೌಮ್ಯ’ ಯಾಕೆ ತಪ್ಪು, ಸರಿ ಮಾಡಿಕೊಳ್ಳೋದು ಹೇಗೆ

ಹೊಸದಾಗಿ ಕೆಲಸಕ್ಕೆ ಸೇರಿದವರನ್ನೆಲ್ಲ ಒಂದು ರೂಮಿನಲ್ಲಿ ಕೂರಿಸಿ, ಒಬ್ಬೊಬ್ಬರಾಗಿ ಪರಿಚಯ ಹೇಳಿಸುವುದು ಬೆಂಗಳೂರಿನ ಆಫೀಸುಗಳಲ್ಲಿ ಮಾಮೂಲು. ಮೊದಲನೆಯವರು ಎದ್ದು ನಿಂತು ‘ಮೈಸೆಲ್ಫ್ ಸೌಮ್ಯ, ಫ್ರಮ್ ಅರಸೀಕೆರೆ’ ಅಂದರೆ ಮುಗಿಯಿತು. ಸಾಲಿನ ಕೊನೆಯವರ ತನಕ ಅದೇ ಮೈಸೆಲ್ಫ್ ಓಡುತ್ತದೆ. ಹಿಂದೆ ಕೂತ ಸೀನಿಯರ್‌ಗಳಲ್ಲಿ ಒಬ್ಬಿಬ್ಬರು ಮುಸಿಮುಸಿ ನಗುತ್ತಾರೆ. ಅವರನ್ನೇ ಹಿಡಿದು ‘ಇದರಲ್ಲಿ ತಪ್ಪೇನು ಹೇಳಿ’ ಅಂತ ಕೇಳಿ ನೋಡಿ. ‘ಹಾಗೆ ಹೇಳಬಾರದು’ ಅನ್ನುತ್ತಾರೆ, ಅಷ್ಟೇ. ಕಾರಣ ಗೊತ್ತಿಲ್ಲದೆ ಬಿಟ್ಟ ತಪ್ಪು ನಾಳೆ ಬೇರೆ ವಾಕ್ಯದಲ್ಲಿ ತಲೆ ಎತ್ತುತ್ತದೆ. ಅದಕ್ಕೇ ಕಾರಣವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

‘ಮೈಸೆಲ್ಫ್ ಸೌಮ್ಯ’ ಅನ್ನುವ ಎರಡು ಪದದ ವಾಕ್ಯದಲ್ಲಿ ತಪ್ಪು ಒಂದಲ್ಲ, ಎರಡು. ಎಲ್ಲರ ಕಣ್ಣಿಗೆ ಬೀಳುವುದು ಮೊದಲನೆಯದು: ‘ಐ’ ಇರಬೇಕಾದ ಜಾಗದಲ್ಲಿ ‘ಮೈಸೆಲ್ಫ್’ ಕೂತಿದೆ. ಎರಡನೆಯದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಮೈಸೆಲ್ಫ್ ತೆಗೆದು ಅಲ್ಲಿ ಐ ಹಾಕಿದರೆ ‘ಐ ಸೌಮ್ಯ’ ಆಗುತ್ತದೆ. ಅದೂ ತಪ್ಪೇ. ‘ಐ ಆ್ಯಮ್ ಸೌಮ್ಯ’ ಆಗಬೇಕಾದರೆ ‘ಆ್ಯಮ್’ ಬರಲೇಬೇಕು.

ಈ ಎರಡನೆಯ ತಪ್ಪು ಎಲ್ಲಿಂದ ಬಂತು ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ನಾನು ಸೌಮ್ಯ’ ನಮ್ಮಲ್ಲಿ ಪೂರ್ತಿ ವಾಕ್ಯ. ‘ನನ್ನ ಹೆಸರು ಸೌಮ್ಯ’, ‘ಇದು ನನ್ನ ಬ್ಯಾಗು’, ‘ಅವರು ನಮ್ಮ ಮೇಷ್ಟ್ರು’, ಇವುಗಳಲ್ಲಿ ಎಲ್ಲೂ ಕ್ರಿಯಾಪದ ಇಲ್ಲ, ಬೇಕೂ ಇಲ್ಲ. ಇಂಗ್ಲಿಷಿನಲ್ಲಿ ಹಾಗೆ ನಡೆಯುವುದಿಲ್ಲ. ಎರಡು ಹೆಸರುಗಳ ನಡುವೆ ಆ್ಯಮ್, ಈಸ್, ಆರ್ ಯಾವುದಾದರೂ ಒಂದು ನಿಲ್ಲಲೇಬೇಕು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಮಾತಾಡುವಾಗ ಮೊದಲು ಉದುರಿ ಹೋಗುವುದು ಆ ಪುಟ್ಟ ಪದವೇ.

ಹಾಗಂತ ಎಲ್ಲದಕ್ಕೂ ಕನ್ನಡವನ್ನೇ ದೂರಬೇಡಿ. ಹಿಂದಿಯಲ್ಲಿ ‘ಮೈ ರಾಹುಲ್ ಹೂಂ’ ಅಂತ ಕ್ರಿಯಾಪದ ಇದ್ದೇ ಇದೆ, ಆದರೂ ಹಿಂದಿಯವರೂ ‘ಮೈಸೆಲ್ಫ್ ರಾಹುಲ್’ ಅನ್ನುತ್ತಾರೆ. ಅಂದರೆ ಮೈಸೆಲ್ಫ್ ಬಾಯಿಗೆ ಬರುವುದಕ್ಕೆ ಬೇರೆ ದಾರಿಯೂ ಇದೆ. ಅದಕ್ಕೆ ಆಮೇಲೆ ಬರೋಣ. ಮೊದಲು ಈ ಮೈಸೆಲ್ಫ್ ನಿಜವಾಗಿ ಏನು ಕೆಲಸ ಮಾಡುತ್ತದೆ ಅಂತ ತಿಳಿಯಬೇಕು.

ಈರುಳ್ಳಿ ಕುಯ್ದೆ. ಬೆರಳು ಕುಯ್ದುಕೊಂಡೆ. ಎರಡರ ವ್ಯತ್ಯಾಸ ಕನ್ನಡದ ಯಾವ ಮಗುವಿಗೂ ಗೊತ್ತು. ಮೊದಲನೆಯದರಲ್ಲಿ ಕೆಲಸ ಹೋಗಿ ಈರುಳ್ಳಿಗೆ ತಾಗಿತು. ಎರಡನೆಯದರಲ್ಲಿ ಮಾಡಿದವರಿಗೇ ವಾಪಸ್ ಬಂತು. ಆ ವಾಪಸ್ ಬರುವುದನ್ನು ನಾವು ಕ್ರಿಯಾಪದದ ಒಳಗೇ, ‘ಕೊಂಡೆ’ ಅನ್ನುವ ಬಾಲದಲ್ಲಿ ತೋರಿಸುತ್ತೇವೆ. ಇಂಗ್ಲಿಷಿಗೆ ಅಂಥ ಬಾಲ ಇಲ್ಲ. ಅದು ಬೇರೆ ಪದವನ್ನೇ ತಂದು ಕ್ರಿಯಾಪದದ ಪಕ್ಕದಲ್ಲಿ ಇಡುತ್ತದೆ: ‘ಐ ಕಟ್ ಮೈಸೆಲ್ಫ್’. ಹಾಗೆಯೇ ಗೆಳತಿಯನ್ನು ಪರಿಚಯ ಮಾಡಿಸಿದರೆ ‘ಐ ಇಂಟ್ರೊಡ್ಯೂಸ್ಡ್ ಮೈ ಫ್ರೆಂಡ್’. ನನ್ನ ಪರಿಚಯ ನಾನೇ ಮಾಡಿಕೊಂಡರೆ ‘ಐ ಇಂಟ್ರೊಡ್ಯೂಸ್ಡ್ ಮೈಸೆಲ್ಫ್’. ಯಾರ ಹತ್ತಿರವೂ ಹೋಗದೆ ಮನೆಯಲ್ಲೇ ಕೂತು ಪೈಥಾನ್ ಕಲಿತುಕೊಂಡೆ ಅನ್ನಲು ‘ಐ ಟಾಟ್ ಮೈಸೆಲ್ಫ್ ಪೈಥಾನ್’. ಮೂರರಲ್ಲೂ ಗಮನಿಸಿ: ಐ ಮುಂದೆ ಇದೆ, ಮೈಸೆಲ್ಫ್ ಅದರ ಹಿಂದೆ ಬರುತ್ತದೆ.

ಈ ‘ಕೊಂಡೆ’ ಗುರುತನ್ನು ಕಣ್ಣು ಮುಚ್ಚಿ ನಂಬಬೇಡಿ. ಕೂತುಕೊಂಡೆ, ಮಲಗಿಕೊಂಡೆ, ಫೋನ್ ತೆಗೆದುಕೊಂಡೆ ಇವಕ್ಕೆ ಇಂಗ್ಲಿಷಿನಲ್ಲಿ ಮೈಸೆಲ್ಫ್ ಬೇಡ. ಮಾಡಿದ ಕೆಲಸ ಮಾಡಿದವರ ಮೇಲೇ ಬೀಳುತ್ತಿದೆಯಾ ಅಂತ ನೋಡಿಕೊಂಡರೆ ಸಾಕು.

ಮೈಸೆಲ್ಫ್‌ಗೆ ಇನ್ನೊಂದು ಕೆಲಸ ಉಂಟು. ‘ಈ ಕೋಡ್ ನಾನೇ ಬರೆದೆ’ ಅಂತ ಒತ್ತಿ ಹೇಳುವಾಗ ಬರುವ ‘ಏ’ ಇದೆಯಲ್ಲ, ಅದರ ಕೆಲಸ. ‘ಐ ರೋಟ್ ದಿಸ್ ಕೋಡ್ ಮೈಸೆಲ್ಫ್’ ಅಥವಾ ‘ಐ ಮೈಸೆಲ್ಫ್ ರೋಟ್ ದಿಸ್ ಕೋಡ್’. ಇಲ್ಲೂ ಐ ತನ್ನ ಜಾಗದಲ್ಲೇ ಇದೆ. ಮೈಸೆಲ್ಫ್ ಅದಕ್ಕೆ ಒತ್ತು ಕೊಡಲು ಬಂದಿದೆ. ಒತ್ತನ್ನು ತೆಗೆದುಬಿಟ್ಟರೂ ‘ಐ ರೋಟ್ ದಿಸ್ ಕೋಡ್’ ನಿಲ್ಲುತ್ತದೆ. ಐ ತೆಗೆದು ಒತ್ತನ್ನು ಮಾತ್ರ ಉಳಿಸಿದರೆ ನಿಲ್ಲುವುದಿಲ್ಲ.

ಎರಡೂ ಕೆಲಸದಲ್ಲಿ ಮೈಸೆಲ್ಫ್ ಇನ್ನೊಂದು ಪದದ ಕಡೆಗೆ ಬೊಟ್ಟು ಮಾಡುತ್ತಿರುತ್ತದೆ. ‘ಮೈಸೆಲ್ಫ್ ಸೌಮ್ಯ’ದಲ್ಲಿ ಅದು ಬೊಟ್ಟು ಮಾಡಲು ಮುಂದೆ ಯಾರೂ ಇಲ್ಲ. ನಿಮಗೆ ಇನ್ನೂ ಅನುಮಾನ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಪಕ್ಕದಲ್ಲಿ ನಿಂತ ಗೆಳೆಯ ಕಿರಣನನ್ನು ಪರಿಚಯಿಸಿ. ‘ಹಿಮ್‌ಸೆಲ್ಫ್ ಕಿರಣ್’ ಅನ್ನುತ್ತೀರಾ? ಯಾರೂ ಅನ್ನುವುದಿಲ್ಲ. ‘ಹಿ ಈಸ್ ಕಿರಣ್’ ಅಥವಾ ‘ದಿಸ್ ಈಸ್ ಕಿರಣ್’ ಅಂತ ಸರಿಯಾಗೇ ಬಾಯಿಗೆ ಬರುತ್ತದೆ. ಬೇರೆಯವರ ವಿಷಯದಲ್ಲಿ ಎಡವದ ನಾಲಿಗೆ ನಮ್ಮ ವಿಷಯಕ್ಕೆ ಬಂದಾಗ ಮಾತ್ರ ಎಡವುತ್ತದೆ. ಅಂದರೆ ಇದು ವ್ಯಾಕರಣ ಗೊತ್ತಿಲ್ಲದೆ ಆಗುವ ತಪ್ಪಲ್ಲ, ಒಂದೇ ಒಂದು ಪದಕ್ಕೆ ಅಂಟಿಕೊಂಡ ರೂಢಿ.

ರೂಢಿ ಅಂಟಿದ್ದು ಹೇಗೆ? ಒಂದು ಕಾರಣ ಪ್ರಶ್ನೆಯಲ್ಲೇ ಇದೆ. ಇಂಟರ್‌ವ್ಯೂನಲ್ಲಿ ಕೇಳುವ ಮೊದಲ ಪ್ರಶ್ನೆ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’. ಟ್ರೈನಿಂಗ್ ರೂಮಿನಲ್ಲಿ ‘ಪ್ಲೀಸ್ ಇಂಟ್ರೊಡ್ಯೂಸ್ ಯುವರ್‌ಸೆಲ್ಫ್’. ಕ್ಯಾಂಪಸ್‌ನಲ್ಲಿ ನಾವು ಕನ್ನಡದಲ್ಲೇ ಮಾತಾಡಿದರೂ ‘ಸೆಲ್ಫ್ ಇಂಟ್ರೊ ಕೊಡು’ ಅಂತಲೇ ಅನ್ನೋದು. ಕಿವಿಗೆ ಬಿದ್ದ ಕೊನೆಯ ಪದ ಯುವರ್‌ಸೆಲ್ಫ್. ‘ನಿಮ್ಮ ಊರು?’ ಅಂದರೆ ‘ನಮ್ಮ ಊರು ಅರಸೀಕೆರೆ’ ಅನ್ನುವ ಹಾಗೆ, ಯುವರ್‌ಸೆಲ್ಫ್ ಅಂದರೆ ಮೈಸೆಲ್ಫ್ ಅಂತ ಉತ್ತರ ತಾನಾಗೇ ಹೊರಡುತ್ತದೆ. ಕೇಳಿದ ವಾಕ್ಯದಲ್ಲಿ ಯುವರ್‌ಸೆಲ್ಫ್ ಸರಿಯಾಗಿಯೇ ಇತ್ತು. ‘ಇಂಟ್ರೊಡ್ಯೂಸ್’ ಅನ್ನುವ ಕೆಲಸದ ಹಿಂದೆ ‘ಯೂ’ ಅಡಗಿದೆ, ಯುವರ್‌ಸೆಲ್ಫ್ ಅದರ ಕಡೆಗೆ ತಿರುಗಿ ನೋಡುತ್ತಿದೆ.

ಇನ್ನೊಂದು ಕಾರಣ ಪ್ರೈಮರಿ ಸ್ಕೂಲಿನದು ಅಂತ ನನಗೆ ಅನ್ನಿಸುತ್ತದೆ. ‘ಮೈಸೆಲ್ಫ್’ ಅಂತ ಹತ್ತು ಸಾಲಿನ ಪ್ರಬಂಧ ಬರೆಯದ ಇಂಗ್ಲಿಷ್ ಮೀಡಿಯಂ ಮಗು ಸಿಗುವುದು ಕಷ್ಟ. ಬೋರ್ಡಿನ ಮೇಲೆ ದೊಡ್ಡದಾಗಿ ಮೈಸೆಲ್ಫ್, ಕೆಳಗೆ ಗೆರೆ. ಅದರ ಕೆಳಗೆ ‘ಮೈ ನೇಮ್ ಈಸ್…’ ಅಂತ ಶುರು. ಪ್ರಬಂಧದ ಮೊದಲ ಸಾಲು ಸರಿಯಾಗೇ ಇದೆ. ಆದರೆ ಬಾಯಿಪಾಠ ಒಪ್ಪಿಸುವಾಗ ತಲೆಬರಹವನ್ನೂ ಸೇರಿಸಿಯೇ ಹೇಳುತ್ತೇವೆ, ‘ಮೈಸೆಲ್ಫ್. ಮೈ ನೇಮ್ ಈಸ್ ಸೌಮ್ಯ’ ಅಂತ. ದೊಡ್ಡವರಾದ ಮೇಲೆ ನಡುವಿನ ‘ಮೈ ನೇಮ್ ಈಸ್’ ಬಿದ್ದು ಹೋಗಿ ತಲೆಬರಹ ಮತ್ತು ಹೆಸರು ಉಳಿದುಕೊಂಡವು.

ಮೂರನೆಯದು ಮರ್ಯಾದೆಯ ವಿಷಯ. ಐ ಅಂದರೆ ಒಂದೇ ಅಕ್ಷರ. ದೊಡ್ಡವರ ಮುಂದೆ ನಿಂತು ‘ಐ’ ಅಂತ ಶುರು ಮಾಡಿದರೆ ಎಲ್ಲೋ ನಾನು ನಾನು ಅಂದ ಹಾಗೆ, ಸ್ವಲ್ಪ ಒರಟು ಅನ್ನಿಸುತ್ತದೆ. ಮೈಸೆಲ್ಫ್ ಉದ್ದವಾಗಿದೆ, ತೂಕವಾಗಿದೆ, ವಿನಯ ಇದ್ದ ಹಾಗೆ ಕೇಳುತ್ತದೆ. ಆದರೆ ಇಂಗ್ಲಿಷಿನ ಐ ಒಳಗೆ ಗರ್ವವೂ ಇಲ್ಲ, ವಿನಯವೂ ಇಲ್ಲ. ಮಂತ್ರಿಯಿಂದ ಹಿಡಿದು ಟ್ರೈನಿ ತನಕ ಎಲ್ಲರಿಗೂ ಅದೇ ಐ. ವಿನಯ ತೋರಿಸಬೇಕಾದರೆ ಗುಡ್ ಮಾರ್ನಿಂಗ್ ಇದೆ, ನಗುಮುಖ ಇದೆ.

ಇಷ್ಟು ಓದಿದ ಮೇಲೆ ಸಾಹಿತ್ಯ ಬಲ್ಲ ಯಾರಾದರೂ ತಕರಾರು ತೆಗೆಯಬಹುದು. ಎಡ್ವರ್ಡ್ ಫಿಟ್ಜ್‌ಜೆರಾಲ್ಡ್ 1859ರಲ್ಲಿ ಇಂಗ್ಲಿಷಿಗೆ ತಂದ ಉಮರ್ ಖಯ್ಯಾಮನ ಪದ್ಯಗಳಲ್ಲಿ ಒಂದು ಪದ್ಯ ಮೈಸೆಲ್ಫ್ ಅಂತಲೇ ಶುರುವಾಗುತ್ತದೆ, ಅಲ್ಲಿ ಅದೇ ಕರ್ತೃ. ನಿಜ. ಹಳೆಯ ಕಾವ್ಯದಲ್ಲಿ ಈ ಪ್ರಯೋಗ ಇತ್ತು. ಆದರೆ ಅಲ್ಲಿ ಮೈಸೆಲ್ಫ್ ಹಿಂದೆ ಕ್ರಿಯಾಪದವೂ ಬರುತ್ತದೆ, ಮತ್ತು ಅದು ಪದ್ಯ. ಸೋಮವಾರ ಬೆಳಿಗ್ಗೆ ಟೀಮಿನ ಮುಂದೆ ನಿಂತವರಿಗೆ ಅದರಿಂದ ಪ್ರಯೋಜನ ಇಲ್ಲ.

ಈಗ ಸೌಮ್ಯಳ ಪೂರ್ತಿ ಪರಿಚಯವನ್ನೇ ತೆಗೆದುಕೊಳ್ಳೋಣ. ಸೌಮ್ಯ ನಾನು ಕಟ್ಟಿದ ಹೆಸರು, ಮಾತು ಮಾತ್ರ ಎಲ್ಲ ಕಡೆ ಕೇಳುವಂಥದ್ದೇ: ‘ಗುಡ್ ಮಾರ್ನಿಂಗ್ ಎವ್ರಿವನ್. ಮೈಸೆಲ್ಫ್ ಸೌಮ್ಯ. ಐ ಆ್ಯಮ್ ಬಿಲಾಂಗ್ಸ್ ಟು ಅರಸೀಕೆರೆ. ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿಇ ಇನ್ 2024. ಮೈ ಫಾದರ್ ಈಸ್ ಎ ಫಾರ್ಮರ್, ಮೈ ಮದರ್ ಈಸ್ ಎ ಹೌಸ್‌ವೈಫ್. ಮೈ ಹಾಬಿ ಈಸ್ ಲಿಸನಿಂಗ್ ಮ್ಯೂಸಿಕ್. ದಟ್ಸ್ ಆಲ್ ಅಬೌಟ್ ಮೈಸೆಲ್ಫ್.’

ಮೊದಲ ವಾಕ್ಯಕ್ಕೆ ತೊಂದರೆ ಇಲ್ಲ. ಎರಡನೆಯದು ‘ಐಮ್ ಸೌಮ್ಯ’ ಆಗಬೇಕು. ಐ ಆ್ಯಮ್ ಅಂತ ಬಿಡಿಸಿ ಹೇಳಿದರೂ ಸರಿ, ಐಮ್ ಅಂತ ಕೂಡಿಸಿ ಹೇಳಿದರೆ ಮಾತು ಸಲೀಸು. ರೂಮು ದೊಡ್ಡದಿದ್ದು ಹೆಸರು ಎಲ್ಲರಿಗೂ ಕೇಳಬೇಕಾದರೆ, ಅಥವಾ ಹೆಸರು ಎದುರಿನವರಿಗೆ ಹೊಸದಾಗಿದ್ದರೆ ‘ಮೈ ನೇಮ್ ಈಸ್ ಸೌಮ್ಯ’ ವಾಸಿ. ಹೆಸರು ಬರುವ ಮೊದಲೇ ಹೆಸರು ಬರುತ್ತಿದೆ ಅಂತ ಕಿವಿ ಸಿದ್ಧವಾಗಿರುತ್ತದೆ.

ಮೂರನೆಯ ವಾಕ್ಯ ಮಜವಾಗಿದೆ. ಹಿಂದಿನ ವಾಕ್ಯದಲ್ಲಿ ಬಿಟ್ಟುಹೋದ ‘ಆ್ಯಮ್’ ಇಲ್ಲಿ ಬೇಡದ ಕಡೆ ಬಂದು ಕೂತಿದೆ. ಬಿಲಾಂಗ್ ಅನ್ನುವುದೇ ಕ್ರಿಯಾಪದ, ಅದರ ಮುಂದೆ ಇನ್ನೊಂದು ಬೇಡ. ಐ ಜೊತೆ ಬಂದಾಗ ಅದಕ್ಕೆ ‘ಸ್’ ಕೂಡ ಬೇಡ. ಅದಕ್ಕಿಂತ ಮುಖ್ಯವಾಗಿ, ಊರು ಹೇಳಲು ಇಂಗ್ಲಿಷಿನಲ್ಲಿ ಬಿಲಾಂಗ್ ಯಾರೂ ಬಳಸುವುದಿಲ್ಲ. ‘ಐಮ್ ಫ್ರಮ್ ಅರಸೀಕೆರೆ’ ಅಂದರೆ ಮುಗಿಯಿತು. ಬೇರೆ ರಾಜ್ಯದವರಿದ್ದರೆ ‘ಇನ್ ಹಾಸನ್ ಡಿಸ್ಟ್ರಿಕ್ಟ್’ ಅಂತ ಸೇರಿಸಬಹುದು.

ವರ್ಷ ಹೇಳಿದ ಮೇಲೆ ‘ಹ್ಯಾವ್ ಕಂಪ್ಲೀಟೆಡ್’ ಬರುವುದಿಲ್ಲ, ‘ಐ ಕಂಪ್ಲೀಟೆಡ್ ಮೈ ಬಿಇ ಇನ್ 2024’ ಸಾಕು. ಮ್ಯೂಸಿಕ್ ಕೇಳುವುದಕ್ಕೆ ‘ಲಿಸನಿಂಗ್ ಟು ಮ್ಯೂಸಿಕ್’. ಅಪ್ಪ ಅಮ್ಮನ ವಿಷಯದಲ್ಲಿ ವ್ಯಾಕರಣ ಸರಿ ಇದೆ. ಆದರೆ ಟೀಮಿನವರಿಗೆ ಬೇಕಾದದ್ದು ಬೇರೆ: ನೀವು ಏನು ಕೆಲಸಕ್ಕೆ ಬಂದಿದ್ದೀರಿ, ಯಾರ ಜೊತೆ ಮಾಡುತ್ತೀರಿ. ಸೌಮ್ಯ ತನ್ನ ಪರಿಚಯದಲ್ಲಿ ಅದೊಂದನ್ನೇ ಹೇಳಿಲ್ಲ!

ಕೊನೆಯ ‘ದಟ್ಸ್ ಆಲ್ ಅಬೌಟ್ ಮೈಸೆಲ್ಫ್’ ನೋಡಿ. ಇಲ್ಲಿ ಮೈಸೆಲ್ಫ್ ಕರ್ತೃ ಅಲ್ಲ, ಆದರೂ ಸರಿಯಾಗಿ ಕೂತಿಲ್ಲ. ವಾಕ್ಯದಲ್ಲಿ ಐ ಇಲ್ಲ, ಹಾಗಾಗಿ ‘ದಟ್ಸ್ ಆಲ್ ಅಬೌಟ್ ಮಿ’ ಆಗಬೇಕು. ಅದೂ ಬೇಡ, ‘ಥ್ಯಾಂಕ್ ಯೂ’ ಅಂದು ಕೂತರೆ ಚೆನ್ನ.

ತಿದ್ದಿದ ಮೇಲೆ ಹೀಗಾಗುತ್ತದೆ: ‘ಗುಡ್ ಮಾರ್ನಿಂಗ್, ಎವ್ರಿವನ್. ಐಮ್ ಸೌಮ್ಯ. ಐಮ್ ಫ್ರಮ್ ಅರಸೀಕೆರೆ, ಇನ್ ಹಾಸನ್ ಡಿಸ್ಟ್ರಿಕ್ಟ್. ಐ ಕಂಪ್ಲೀಟೆಡ್ ಮೈ ಬಿಇ ಇನ್ 2024, ಆ್ಯಂಡ್ ಐ’ವ್ ಜಾಯಿನ್ಡ್ ದ ಟೆಸ್ಟಿಂಗ್ ಟೀಮ್. ಐ ಟಾಟ್ ಮೈಸೆಲ್ಫ್ ಪೈಥಾನ್, ಸೋ ಐ’ಲ್ ಸ್ಟಾರ್ಟ್ ವಿತ್ ದ ಟೆಸ್ಟ್ ಸ್ಕ್ರಿಪ್ಟ್ಸ್. ಥ್ಯಾಂಕ್ ಯೂ.’ ಮೈಸೆಲ್ಫ್ ಇದರಲ್ಲೂ ಒಂದು ಸಲ ಬಂದಿದೆ, ತನ್ನ ಜಾಗದಲ್ಲಿ.

ಇದು ಎದುರಿಗೆ ನಿಂತು ಹೇಳುವ ಪರಿಚಯ. ಫೋನಿನಲ್ಲಿ, ವಿಡಿಯೋ ಇಲ್ಲದ ಕಾಲ್‌ನಲ್ಲಿ ಇಂಗ್ಲಿಷ್ ಬೇರೆ ದಾರಿ ಹಿಡಿಯುತ್ತದೆ. ‘ಮೈಸೆಲ್ಫ್ ಸೌಮ್ಯ ಕಾಲಿಂಗ್ ಫ್ರಮ್ ಬ್ಯಾಂಗಲೋರ್’ ಬದಲು ‘ದಿಸ್ ಈಸ್ ಸೌಮ್ಯ, ಕಾಲಿಂಗ್ ಫ್ರಮ್ ಬ್ಯಾಂಗಲೋರ್’. ನಡುವೆ ಬಾಯಿ ಹಾಕಬೇಕಾದಾಗ ‘ಸೌಮ್ಯ ಹಿಯರ್’ ಅಂದರೂ ನಡೆಯುತ್ತದೆ. ಮುಖ ಕಾಣುವುದಿಲ್ಲ, ದನಿ ಯಾರದು ಅಂತ ಮಾತ್ರ ತಿಳಿಸಬೇಕು, ಅದಕ್ಕೆ ದಿಸ್. ಎದುರಿಗೆ ನಿಂತಾಗ ಮಾತ್ರ ನಿಮ್ಮ ಬಗ್ಗೆ ನೀವೇ ‘ದಿಸ್ ಈಸ್ ಸೌಮ್ಯ’ ಅನ್ನಬೇಡಿ. ಹಿಂದೆ ಇನ್ಯಾರೋ ಸೌಮ್ಯ ನಿಂತಿದ್ದಾಳೆ ಅಂತ ಜನ ಕತ್ತು ತಿರುಗಿಸುತ್ತಾರೆ.

ಮೇಲ್‌ನಲ್ಲಿ ಇನ್ನೂ ಸುಲಭ, ಯಾಕಂದರೆ ಕಳಿಸುವ ಮೊದಲು ತಿದ್ದಬಹುದು. ‘ಮೈಸೆಲ್ಫ್ ಸೌಮ್ಯ, ಜಾಯಿನ್ಡ್ ಆ್ಯಸ್ ಟೆಸ್ಟ್ ಇಂಜಿನಿಯರ್’ ಅನ್ನುವ ಕಡೆ ‘ಐಮ್ ಸೌಮ್ಯ. ಐ ಜಾಯಿನ್ಡ್ ಆನ್ ಮಂಡೇ ಆ್ಯಸ್ ಎ ಟೆಸ್ಟ್ ಇಂಜಿನಿಯರ್’ ಅಂತ ಬರೆದರೆ ಆಯಿತು.

ಮೇಲ್ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಮೈಸೆಲ್ಫ್ ಸೌಮ್ಯ ಅಂದವರನ್ನು ನೋಡಿ ನಕ್ಕ ಸೀನಿಯರ್ ಅದೇ ಮಧ್ಯಾಹ್ನ ‘ಪ್ಲೀಸ್ ಕಾಂಟ್ಯಾಕ್ಟ್ ಕಿರಣ್ ಆರ್ ಮೈಸೆಲ್ಫ್’ ಅಂತ ಮೇಲ್ ಕಳಿಸಿರುತ್ತಾರೆ. ‘ಕಿರಣ್ ಆ್ಯಂಡ್ ಮೈಸೆಲ್ಫ್ ವಿಲ್ ಅಟೆಂಡ್’ ಅಂತಲೂ ಬರೆಯುತ್ತಾರೆ. ಇದು ನಮ್ಮವರ ತಪ್ಪು ಮಾತ್ರ ಅಲ್ಲ. ಇಂಗ್ಲೆಂಡ್, ಅಮೆರಿಕದ ಆಫೀಸುಗಳಲ್ಲೂ ಧಾರಾಳವಾಗಿ ನಡೆಯುತ್ತದೆ, ಅಲ್ಲಿನ ವ್ಯಾಕರಣದವರು ಇದಕ್ಕೆ ಗೊಣಗುವುದೂ ಇದೆ. ಐ ಬರೆಯಬೇಕೋ ಮಿ ಬರೆಯಬೇಕೋ ಅನ್ನುವ ಗೊಂದಲದಲ್ಲಿ ಮೈಸೆಲ್ಫ್ ಬರೆದು ಪಾರಾಗುತ್ತಾರೆ. ಇಲ್ಲಿ ಕಿರಣನನ್ನು ವಾಕ್ಯದಿಂದ ಎತ್ತಿ ಆಚೆ ಇಟ್ಟು ನೋಡಿ. ‘ಕಾಂಟ್ಯಾಕ್ಟ್ ಮೈಸೆಲ್ಫ್’ ಅನ್ನುತ್ತೇವಾ? ಇಲ್ಲ, ‘ಕಾಂಟ್ಯಾಕ್ಟ್ ಮಿ’. ಹಾಗಾದರೆ ‘ಕಾಂಟ್ಯಾಕ್ಟ್ ಕಿರಣ್ ಆರ್ ಮಿ’. ‘ಮೈಸೆಲ್ಫ್ ವಿಲ್ ಅಟೆಂಡ್’? ಇಲ್ಲ, ‘ಐ ವಿಲ್ ಅಟೆಂಡ್’. ಹಾಗಾದರೆ ‘ಕಿರಣ್ ಆ್ಯಂಡ್ ಐ’. ಕರ್ತೃವಿನ ಜಾಗದ ಮೈಸೆಲ್ಫ್ ಇಲ್ಲೂ ಅದೇ, ಪಕ್ಕದಲ್ಲಿ ಇನ್ನೊಂದು ಹೆಸರು ಇರುವುದರಿಂದ ಕಾಣುವುದಿಲ್ಲ ಅಷ್ಟೇ.

ಬೈಸಿಕೊಂಡವರು ಉಲ್ಟಾ ದಾರಿಗೆ ಹೋಗುವುದೂ ಉಂಟು. ಮೈಸೆಲ್ಫ್ ಅಂದರೇ ತಪ್ಪು ಅಂತ ಎಲ್ಲ ಕಡೆ ಕಿತ್ತು ಹಾಕಿ ‘ಲೆಟ್ ಮಿ ಇಂಟ್ರೊಡ್ಯೂಸ್ ಮಿ’ ಅನ್ನುತ್ತಾರೆ. ‘ಲೆಟ್ ಮಿ ಇಂಟ್ರೊಡ್ಯೂಸ್ ಮೈಸೆಲ್ಫ್’ ಸರಿ, ಆರಾಮಾಗಿ ಹೇಳಿ. ಇನ್ನೊಂದು ಸಣ್ಣ ವ್ಯತ್ಯಾಸವೂ ನೆನಪಿರಲಿ. ‘ಐ ಡಿಡ್ ಇಟ್ ಮೈಸೆಲ್ಫ್’ ಅಂದರೆ ನಾನೇ ಮಾಡಿದೆ, ಬೇರೆಯವರ ಕೈಲಿ ಮಾಡಿಸಲಿಲ್ಲ. ‘ಐ ಲಿವ್ ಬೈ ಮೈಸೆಲ್ಫ್’ ಅಂದರೆ ಒಬ್ಬಳೇ ಇದ್ದೇನೆ.

ಇಷ್ಟೆಲ್ಲ ಗೊತ್ತಾದ ಮೇಲೂ ಎದ್ದು ನಿಂತಾಗ ಮೈಸೆಲ್ಫ್ ಬಂದೇ ಬರುತ್ತದೆ. ಕಾರಣ ಸರಳ. ಅದು ಮಾತಿನ ಮೊದಲ ಪದ, ಎದೆ ಹೊಡೆದುಕೊಳ್ಳುತ್ತಿರುವ ಹೊತ್ತು, ಹಿಂದಿನ ಐದು ಜನ ಅದನ್ನೇ ಹೇಳಿದ್ದಾರೆ. ‘ಮೈಸೆಲ್ಫ್ ಅನ್ನಬಾರದು, ಅನ್ನಬಾರದು’ ಅಂತ ಜಪ ಮಾಡಿದರೆ ಅದೇ ಪದ ನಾಲಿಗೆ ತುದಿಯಲ್ಲಿ ಕೂರುತ್ತದೆ. ಬದಲಿಗೆ ಆ ಜಾಗಕ್ಕೆ ಬೇರೆ ಪದ ತುಂಬಿ. ‘ಹಾಯ್, ಐಮ್ ಸೌಮ್ಯ’, ಒಂದೇ ಉಸಿರಿನಲ್ಲಿ, ಹಾಯ್‌ಗೆ ಐಮ್ ಅಂಟಿಸಿ. ಮನೆಯಲ್ಲಿ ಜೋರಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ಸಾಲದು, ಅಭ್ಯಾಸ ಆಗಬೇಕಾದದ್ದು ಬಾಯಿಗೆ.

ಆದರೂ ‘ಮೈ’ ಅಂತ ಜಾರಿಬಿಟ್ಟಿತಾ? ಅಲ್ಲೇ ಹಿಡಿಯಿರಿ, ಇನ್ನೂ ಏನೂ ಕೆಟ್ಟಿಲ್ಲ. ‘ಮೈ… ನೇಮ್ ಈಸ್ ಸೌಮ್ಯ’ ಅಂತ ತಿರುಗಿಸಿ. ಯಾರಿಗೂ ಗೊತ್ತೇ ಆಗುವುದಿಲ್ಲ. ಪೂರ್ತಿ ಮೈಸೆಲ್ಫ್ ಹೊರಗೆ ಬಿದ್ದರೆ ‘ಸಾರಿ ಸಾರಿ’ ಅಂತ ಹಿಂದೆ ಹೋಗಬೇಡಿ, ಮುಂದಿನ ವಾಕ್ಯ ‘ಐಮ್ ಫ್ರಮ್’ ಅಂತ ನೆಟ್ಟಗೆ ಶುರು ಮಾಡಿ. ನೀವು ಯಾರು ಅಂತ ಎಲ್ಲರಿಗೂ ಅರ್ಥವಾಗಿದೆ. ಈ ಒಂದು ಪದ ಹಿಡಿದುಕೊಂಡು ಕೆಲಸದ ಯೋಗ್ಯತೆ ಅಳೆಯುವ ಇಂಟರ್‌ವ್ಯೂದಾರರು ಇಲ್ಲದಿಲ್ಲ. ನನ್ನ ಕೇಳಿದರೆ ಅದು ಅನ್ಯಾಯ. ಆದರೆ ಸುಮ್ನೆ ಅವರಿಗೆ ಅವಕಾಶ ಯಾಕೆ ಕೊಡಬೇಕು?

ಟೀಮ್ ಲೀಡ್ ಆದವರು ಎಲ್ಲರ ಮುಂದೆ ತಿದ್ದಲು ಹೋಗಬೇಡಿ. ಅದರಿಂದ ಉಳಿದವರ ಗಂಟಲು ಇನ್ನಷ್ಟು ಒಣಗುತ್ತದೆ. ಪರಿಚಯ ಶುರುವಾಗುವ ಮೊದಲು ನೀವೇ ‘ಐಮ್ ಇಂಥವರು, ಐ ಲೀಡ್ ದ ಟೆಸ್ಟಿಂಗ್ ಟೀಮ್’ ಅಂತ ಹೇಳಿಬಿಡಿ. ಮೊದಲನೆಯವರ ಮಾತೇ ಸಾಲಿನ ಕೊನೆಯ ತನಕ ಓಡುತ್ತದೆ ಅಂದೆನಲ್ಲ, ಅದು ಇಲ್ಲಿ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಜೊತೆಗೆ ‘ಇಂಟ್ರೊಡ್ಯೂಸ್ ಯುವರ್‌ಸೆಲ್ಫ್’ ಅನ್ನುವುದನ್ನು ಬಿಟ್ಟು ‘ಟೆಲ್ ಅಸ್ ಯುವರ್ ನೇಮ್ ಆ್ಯಂಡ್ ವಾಟ್ ಯೂ’ಲ್ ಬಿ ವರ್ಕಿಂಗ್ ಆನ್’ ಅಂತ ಕೇಳಿ. ಸೆಲ್ಫ್ ಅನ್ನುವ ಪದ ಕಿವಿಗೆ ಬೀಳದಿದ್ದರೆ ಬಾಯಿಗೆ ಬರುವುದೂ ಕಡಿಮೆ. ಊರು, ಹಾಬಿ ಬಿಟ್ಟು ಕೆಲಸದ ವಿಷಯವೂ ಮೊದಲೇ ಬರುತ್ತದೆ. ಆಮೇಲೂ ಯಾರಾದರೂ ಮೈಸೆಲ್ಫ್ ಅಂದರೆ, ಕಾಫಿಗೆ ಹೋದಾಗ ಪಕ್ಕಕ್ಕೆ ಕರೆದು ಹೇಳಿ. ‘ತಪ್ಪು’ ಅಂತ ಹೇಳಿ ಬಿಡಬೇಡಿ, ಹಿಮ್‌ಸೆಲ್ಫ್ ಕಿರಣ್ ಪರೀಕ್ಷೆ ಮಾಡಿಸಿ.